ಮೇಲಿನ ಸಾಲು, ಕೆಳಗಿನ ಸಾಲು

1938ರ ಡಿಸೆಂಬರ್‌ನಲ್ಲಿ ಬರ್ಲಿನ್ ನಗರದ ರಸಾಯನ ವಿಜ್ಞಾನಿ ಒಟ್ಟೊ ಹಾನ್ ಒಂದು ಕೂಡುವ ಲೆಕ್ಕ ಮಾಡಿದರು. 138ಕ್ಕೆ 101 ಸೇರಿಸಿದರೆ 239. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಅರ್ಧ ಲೆಕ್ಕ.

ಹಾನ್ ಮತ್ತು ಅವರ ಜೊತೆಗಾರ ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್‌ಗಳನ್ನು ಹೊಡೆಸಿ, ಅದರಿಂದ ಹುಟ್ಟುವ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡುತ್ತಿದ್ದರು. ಹುಟ್ಟಿದ್ದು ಯುರೇನಿಯಂನ ನೆಂಟನಾದ ರೇಡಿಯಂ ಇರಬೇಕೆಂದು ಅವರ ಎಣಿಕೆ. ತೀರಾ ಅಲ್ಪ ಪ್ರಮಾಣದ ರೇಡಿಯಂ ಕೈಗೆ ಸಿಗಬೇಕಾದರೆ, ಅದನ್ನು ಹೋಲುವ ಬೇರಿಯಂ ಅನ್ನು ದ್ರಾವಣಕ್ಕೆ ಹಾಕಿ, ಎರಡನ್ನೂ ಒಟ್ಟಿಗೆ ಇಳಿಸಿ, ಆಮೇಲೆ ಬೇರೆ ಮಾಡುವುದು ರೂಢಿ. ಈ ಸಲ ಏನು ಮಾಡಿದರೂ ಅವು ಬೇರೆಯಾಗಲಿಲ್ಲ. ಬೇರೆಯಾಗುವುದಾದರೂ ಹೇಗೆ? ಹೊಸದಾಗಿ ಹುಟ್ಟಿದ್ದೂ ಬೇರಿಯಮ್ಮೇ ಆಗಿತ್ತು.

ಯುರೇನಿಯಂನ ಅರ್ಧದಷ್ಟು ತೂಗುವ ಬೇರಿಯಂ ಅಲ್ಲಿಗೆ ಎಲ್ಲಿಂದ ಬಂತು? ಮರುತಿಂಗಳು ಅಚ್ಚಾದ ಪ್ರಬಂಧದಲ್ಲಿ ಅವರು ಅಳುಕುತ್ತಲೇ ಒಂದು ಸೂಚನೆ ಕೊಟ್ಟರು. ಬೇರಿಯಂನ ತೂಕ 138, ಮಸೂರಿಯಂ ಎಂಬ ಧಾತುವಿನದು 101 ಎಂದಿಟ್ಟುಕೊಂಡರೆ ಎರಡೂ ಸೇರಿ 239 ಆಗುತ್ತದೆ. 238 ತೂಕದ ಯುರೇನಿಯಂ ಒಂದು ನ್ಯೂಟ್ರಾನ್ ನುಂಗಿದರೆ ಆಗುವುದೂ 239. ಮಸೂರಿಯಂ ಎಂದರೆ ಇಂದು ಟೆಕ್ನೀಶಿಯಂ ಎಂದು ಕರೆಯುವ 43ನೆಯ ಧಾತು. ತಪ್ಪಾದದ್ದು ಅಲ್ಲೇ. ಬೇರಿಯಂ 56ನೆಯ ಧಾತು. 56ಕ್ಕೆ 43 ಸೇರಿಸಿದರೆ 99. ಯುರೇನಿಯಂ 92ನೆಯದು. ಏಳು ಹೆಚ್ಚು!

ಪರಮಾಣು ಬೀಜದ ಸಮೀಕರಣವೆಂದರೆ ಕಿರಾಣಿ ಅಂಗಡಿಯ ಕಿರ್ದಿ ಪುಸ್ತಕದ ಹಾಗೆ. ಅದರಲ್ಲಿ ಎರಡು ಲೆಕ್ಕ ನಡೆಯುತ್ತವೆ, ಒಂದು ಮೇಲಿನ ಸಾಲಿನದು, ಇನ್ನೊಂದು ಕೆಳಗಿನ ಸಾಲಿನದು. ಎರಡೂ ಬೇರೆ ಬೇರೆಯಾಗಿ ತಾಳೆಯಾಗಬೇಕು. ಹಾನ್ ಮೇಲಿನದನ್ನು ಕೂಡಿದರು, ಕೆಳಗಿನದನ್ನು ನೋಡಲಿಲ್ಲ. ಅದನ್ನು ನೋಡಿದವರು ಅವರ ಹಳೆಯ ಸಹೋದ್ಯೋಗಿ ಲೀಸ ಮೈಟ್ನರ್. ಯೆಹೂದಿ ಮನೆತನದವರೆಂಬ ಕಾರಣಕ್ಕೆ ಅದೇ ವರ್ಷದ ಜುಲೈನಲ್ಲಿ ನಾಜಿ ಜರ್ಮನಿ ಬಿಟ್ಟು ಓಡಬೇಕಾಗಿ ಬಂದು ಅವರು ಆಗ ಸ್ವೀಡನ್‌ನಲ್ಲಿದ್ದರು. ಅವರ ಲೆಕ್ಕಕ್ಕೆ ಬರುವ ಮೊದಲು ಕಿರ್ದಿ ಬರೆಯುವ ಕ್ರಮವನ್ನು ಕೊಂಚ ನೋಡೋಣ.

ಪ್ರತಿ ಪರಮಾಣುವಿನ ನಡುವೆ ಒಂದು ಬೀಜವಿದೆ. ಅದರಲ್ಲಿ ಧನ ವಿದ್ಯುದಂಶದ ಪ್ರೋಟಾನ್‌ಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನ್‌ಗಳೂ ಒತ್ತಾಗಿ ಕೂತಿರುತ್ತವೆ. ಧಾತುವಿನ ಚಿಹ್ನೆಯ ಎಡಗಡೆ ಮೇಲೆ ಬರೆಯುವ ಅಂಕಿ ಈ ಎರಡೂ ಬಗೆಯ ಕಣಗಳ ಒಟ್ಟು ಎಣಿಕೆ. ಪಠ್ಯಪುಸ್ತಕಗಳು ಇದನ್ನು ದ್ರವ್ಯರಾಶಿ ಸಂಖ್ಯೆ ಎನ್ನುತ್ತವೆ. ಕೆಳಗೆ ಬರೆಯುವುದು ಪರಮಾಣು ಸಂಖ್ಯೆ, ಅಂದರೆ ಪ್ರೋಟಾನ್‌ಗಳ ಎಣಿಕೆ. ಧಾತುವಿನ ಹೆಸರನ್ನು ತೀರ್ಮಾನಿಸುವುದು ಈ ಕೆಳಗಿನ ಅಂಕಿ. 92 ಇದ್ದರೆ ಅದು ಯುರೇನಿಯಂ, 90 ಇದ್ದರೆ ಥೋರಿಯಂ, ಅದರಲ್ಲಿ ರಾಜಿಯಿಲ್ಲ. ಇನ್ನೊಂದು ಮಾತು: ಸಮೀಕರಣದಲ್ಲಿ ಕೆಳಗಿನ ಸಾಲನ್ನು ಪ್ರೋಟಾನ್‌ಗಳ ಎಣಿಕೆ ಎನ್ನುವುದಕ್ಕಿಂತ ವಿದ್ಯುದಂಶದ ಲೆಕ್ಕ ಎಂದು ತಿಳಿದರೆ ಮುಂದೆ ಒಂದು ಗೊಂದಲ ತಪ್ಪುತ್ತದೆ.

ಕರ್ನಾಟಕದ ಬಹುಪಾಲು ಮನೆಗಳ ಮೆಟ್ಟಿಲೋ ಅಡುಗೆ ಕಟ್ಟೆಯೋ ಗ್ರಾನೈಟಿನದು. ಒಂದು ಟನ್ ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಕೆಲವು ಗ್ರಾಂ ಯುರೇನಿಯಂ ಇರುತ್ತದೆ, ಅದರಲ್ಲಿ ಹೆಚ್ಚಿನದು ಯುರೇನಿಯಂ-238. ಈ ಪರಮಾಣುಗಳು ಬಹಳ ನಿಧಾನಸ್ಥ. ಇವತ್ತು ಇರುವವುಗಳಲ್ಲಿ ಅರ್ಧದಷ್ಟು ಒಡೆಯಲು ಸುಮಾರು 447 ಕೋಟಿ ವರ್ಷ ಬೇಕು. ಆದರೂ ಎಣಿಸಲಾರದಷ್ಟು ಪರಮಾಣುಗಳಿರುವುದರಿಂದ ಈ ಕ್ಷಣದಲ್ಲೂ ಕಟ್ಟೆಯೊಳಗೆ ಕೆಲವು ಒಡೆಯುತ್ತಲೇ ಇವೆ. ಆಗ ನಡೆಯುವುದು ಆಲ್ಫಾ ಕ್ಷಯ:

²³⁸₉₂U → ²³⁴₉₀Th + ⁴₂He

ಬೀಜದಿಂದ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಂದೇ ಗಂಟಾಗಿ ಹೊರಬೀಳುತ್ತವೆ. ಆ ಗಂಟೇ ಆಲ್ಫಾ ಕಣ. ಅದು ಹೀಲಿಯಂನ ಬೀಜವಲ್ಲದೆ ಬೇರೇನೂ ಅಲ್ಲ. ಮೇಲಿನ ಸಾಲು ನೋಡಿ: 234ಕ್ಕೆ 4 ಸೇರಿ 238. ಕೆಳಗಿನ ಸಾಲು: 90ಕ್ಕೆ 2 ಸೇರಿ 92. ತಾಳೆಯಾಯಿತು. ಉಳಿದದ್ದು ಯಾವ ಧಾತು ಎಂದು ನೆನಪಿಟ್ಟುಕೊಳ್ಳುವ ಕೆಲಸವಿಲ್ಲ. 92ರಿಂದ 2 ಕಳೆದು, ಆವರ್ತ ಕೋಷ್ಟಕದಲ್ಲಿ 90ನೆಯ ಮನೆ ಯಾರದೆಂದು ನೋಡಿದರೆ ಮುಗಿಯಿತು.

ಹುಟ್ಟಿದ ಥೋರಿಯಂ-234 ತಾಯಿಯಷ್ಟು ತಾಳ್ಮೆಯದಲ್ಲ. ಅದರ ಅರ್ಧಾಯು ಬರೀ 24 ದಿನ. ಅದು ಒಡೆಯುವ ಬಗೆಯೂ ಬೇರೆ. ಇದರಲ್ಲಿ ಗಂಟೇನೂ ಹೊರಬೀಳುವುದಿಲ್ಲ. ಬೀಜದೊಳಗಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಆ ಗಳಿಗೆಯಲ್ಲಿ ಹುಟ್ಟಿದ ಎಲೆಕ್ಟ್ರಾನ್ ವೇಗವಾಗಿ ಹೊರಗೆ ಚಿಮ್ಮುತ್ತದೆ. ಇದು ಬೀಟಾ ಕ್ಷಯ:

²³⁴₉₀Th → ²³⁴₉₁Pa + ⁰₋₁e

ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಏನೋ ಒಂದು ಹೊರಗೆ ಹೋಯಿತಲ್ಲ, ಹಾಗಾದರೆ ಕಡಿಮೆಯಾಗಬೇಕು ಎಂದುಕೊಂಡು 90ರಿಂದ ಒಂದು ಕಳೆದು 89 ಎಂದು ಬರೆದುಬಿಡುತ್ತಾರೆ. ತಪ್ಪು ಗೊತ್ತಾಗುವುದು ಕೆಳಗಿನ ಸಾಲನ್ನು ಕೂಡಿದಾಗ. ಎಲೆಕ್ಟ್ರಾನ್‌ನ ವಿದ್ಯುದಂಶ ಋಣ, ಆದ್ದರಿಂದ ಅದರ ಅಂಕಿ −1. 89ಕ್ಕೆ −1 ಸೇರಿಸಿದರೆ 88. ಎಡಗಡೆ ಇರುವುದು 90. ಎರಡು ಕಡಿಮೆ. 91 ಬರೆದರೆ 91ರಲ್ಲಿ ಒಂದು ಹೋಗಿ 90, ಸರಿ. ಸಾಲ ಕೊಟ್ಟು ಕಳಿಸಿದವನ ಆಸ್ತಿ ಕರಗುತ್ತದೆ, ಸಾಲವನ್ನೇ ಬೇರೆಯವರಿಗೆ ವಹಿಸಿ ಕಳಿಸಿದವನ ಆಸ್ತಿ ಒಂದು ರೂಪಾಯಿ ಏರುತ್ತದೆ. ಬೀಟಾ ಕ್ಷಯ ಎರಡನೆಯವನ ಕಥೆ. ಮೇಲಿನ ಸಾಲಿನಲ್ಲಿ ಎಲೆಕ್ಟ್ರಾನ್‌ಗೆ ಸೊನ್ನೆ, ಏಕೆಂದರೆ ಅದು ಪ್ರೋಟಾನೂ ಅಲ್ಲ ನ್ಯೂಟ್ರಾನೂ ಅಲ್ಲ. ಹಾಗಾಗಿ 234 ಹಾಗೆಯೇ ಉಳಿಯುತ್ತದೆ.

ಯುರೇನಿಯಂ-238 ಹೀಗೆ ಆಲ್ಫಾ, ಬೀಟಾ ಎಂದು ಒಡೆಯುತ್ತ ಒಡೆಯುತ್ತ ಕೊನೆಗೆ ಸೀಸ-206 ಆಗಿ ನಿಲ್ಲುತ್ತದೆ. ನಡುವೆ ರೇಡಿಯಂ, ರೇಡಾನ್, ಬಿಸ್ಮತ್, ಪೊಲೋನಿಯಂ ಎಲ್ಲ ಬಂದು ಹೋಗುತ್ತವೆ. ಒಟ್ಟು ಎಷ್ಟು ಆಲ್ಫಾ, ಎಷ್ಟು ಬೀಟಾ ಎಂದು ಹೇಳಲು ಆ ಪಟ್ಟಿಯೆಲ್ಲ ಬೇಡ. ಮೊದಲು ಮೇಲಿನ ಸಾಲು: 238ರಿಂದ 206 ಕಳೆದರೆ 32. ಈ ಸಾಲನ್ನು ಇಳಿಸುವುದು ಆಲ್ಫಾ ಮಾತ್ರ, ಅದೂ ನಾಲ್ಕು ನಾಲ್ಕಾಗಿ. ಅಂದರೆ ಎಂಟು ಆಲ್ಫಾ. ಎಂಟು ಆಲ್ಫಾ ಹೋದರೆ ಕೆಳಗಿನ ಸಾಲಿನಲ್ಲಿ 16 ಇಳಿದು 92 ಹೋಗಿ 76 ಆಗಬೇಕಿತ್ತು. ಆದರೆ ಸೀಸ 82ನೆಯದು. ಆರು ಮೇಲಕ್ಕೆ ಏರಿಸಿದವರು ಯಾರು? ಆರು ಬೀಟಾ. ಈ ಲೆಕ್ಕದಲ್ಲಿ ಆಲ್ಫಾಗಳನ್ನೇ ಮೊದಲು ಹಿಡಿಯಬೇಕು ಎಂಬುದೊಂದೇ ಗುಟ್ಟು. ಕೆಳಗಿನ ಸಾಲಿನಿಂದ ಶುರು ಮಾಡಿದರೆ ಏರಿಳಿತ ಬೆರೆತು ತಲೆಬುಡ ತಿಳಿಯುವುದಿಲ್ಲ.

ಎಂಟು ಆಲ್ಫಾ ಎಂದರೆ ಎಂಟು ಹೀಲಿಯಂ ಪರಮಾಣು. ಬಂಡೆಯೊಳಗೆ ಹುಟ್ಟಿದ ಆಲ್ಫಾ ಕಣ ಅಕ್ಕಪಕ್ಕದಿಂದ ಎರಡು ಎಲೆಕ್ಟ್ರಾನ್ ಸೆಳೆದುಕೊಂಡು ಪೂರ್ತಿ ಹೀಲಿಯಂ ಆಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. 1895ರಲ್ಲಿ ಲಂಡನ್ನಿನ ವಿಲಿಯಂ ರ‍್ಯಾಮ್ಸೆ ಭೂಮಿಯ ಮೇಲೆ ಮೊದಲ ಬಾರಿಗೆ ಹೀಲಿಯಂ ಅನ್ನು ಹಿಡಿದದ್ದು ಕ್ಲೀವೈಟ್ ಎಂಬ ಯುರೇನಿಯಂ ಅದಿರಿನಿಂದ. ವಿಕಿರಣವೆಂಬುದೇ ಆಗಿನ್ನೂ ಪತ್ತೆಯಾಗಿರಲಿಲ್ಲವಾದ್ದರಿಂದ, ಅನಿಲ ಅದಿರಿನೊಳಗೆ ಏಕಿದೆ ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಹುಟ್ಟುಹಬ್ಬದಲ್ಲಿ ಚಾವಣಿಗೆ ತಾಗಿ ನಿಲ್ಲುವ ಬಲೂನಿನಲ್ಲಿ ಇರುವುದೂ ಇಂಥದೇ ಹೀಲಿಯಂ, ನೆಲದಾಳದಲ್ಲಿ ಎಂದೋ ಒಡೆದ ಯುರೇನಿಯಂ, ಥೋರಿಯಂಗಳ ಆಲ್ಫಾ ಕಣಗಳು.

ಅಲ್ಲಿಗೆ ಎರಡು ಸಾಲೂ ಸರಿಹೋದವು. ಆದರೆ ಬೀಟಾ ಕ್ಷಯ ಮೂರನೆಯ ಒಂದು ಲೆಕ್ಕವನ್ನು ಕೆಡಿಸಿತು. ಅದು ಶಕ್ತಿಯ ಲೆಕ್ಕ. ಒಂದೇ ಬಗೆಯ ಬೀಜಗಳಿಂದ ಬರುವ ಆಲ್ಫಾ ಕಣಗಳಿಗೆ ಗೊತ್ತಾದ ವೇಗವಿರುತ್ತದೆ. ಬೀಟಾ ಎಲೆಕ್ಟ್ರಾನ್‌ಗಳು ಹಾಗಲ್ಲ. ಒಂದು ಜೋರಾಗಿ ಬಂದರೆ ಇನ್ನೊಂದು ತೆವಳುತ್ತ ಬರುತ್ತದೆ. ಪ್ರತಿ ಒಡೆತದಲ್ಲೂ ಬಿಡುಗಡೆಯಾಗಬೇಕಾದ ಶಕ್ತಿ ಒಂದೇ ಆಗಿರುವಾಗ ಉಳಿದದ್ದನ್ನು ತಿಂದವರು ಯಾರು? ಎಲೆಕ್ಟ್ರಾನ್ ಹೊರಬರುವಾಗ ದಾರಿಯಲ್ಲಿ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ ಎಂದು ಮೈಟ್ನರ್ ನಂಬಿದ್ದರು. 1927ರಲ್ಲಿ ಕೇಂಬ್ರಿಜ್‌ನ ಎಲ್ಲಿಸ್ ಮತ್ತು ವೂಸ್ಟರ್ ಬಿಸ್ಮತ್-210 ಅನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ, ಒಟ್ಟು ಹುಟ್ಟುವ ಶಾಖವನ್ನೇ ಅಳೆದರು. ಡಿಕ್ಕಿ ಹೊಡೆದು ಕಳೆದುಕೊಂಡಿದ್ದರೆ ಆ ಶಕ್ತಿ ಶಾಖವಾಗಿ ಪೆಟ್ಟಿಗೆಯಲ್ಲೇ ಸಿಗಬೇಕಿತ್ತು. ಸಿಗಲಿಲ್ಲ, ಇರಬೇಕಾದದ್ದರ ಮೂರನೆಯ ಒಂದು ಪಾಲಷ್ಟೇ ಇತ್ತು. ಮೈಟ್ನರ್ ತಾವೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಅವರು ತಪ್ಪಿದ್ದರು, ಕೇಂಬ್ರಿಜ್‌ನವರು ಸರಿ.

1930ರ ಡಿಸೆಂಬರ್‌ನಲ್ಲಿ ವೋಲ್ಫ್‌ಗಾಂಗ್ ಪೌಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸೇರಿದ್ದ ವಿಜ್ಞಾನಿಗಳಿಗೆ ಒಂದು ಪತ್ರ ಬರೆದು, ಎಲೆಕ್ಟ್ರಾನ್ ಜೊತೆಗೆ ಯಾರ ಕಣ್ಣಿಗೂ ಬೀಳದ ಇನ್ನೊಂದು ಕಣ ಹೊರಹೋಗುತ್ತಿರಬಹುದು, ಶಕ್ತಿಯ ಉಳಿದ ಪಾಲನ್ನು ಅದೇ ಒಯ್ಯುತ್ತಿರಬಹುದು ಎಂದರು. ಲೆಕ್ಕ ಕೂಡದಿದ್ದಾಗ ಗುಮಾಸ್ತ ಕಾಣದ ಗಿರಾಕಿಯೊಬ್ಬನ ಹೆಸರು ಬರೆದುಕೊಂಡಂತೆ! ಪತ್ರ ಕಳಿಸಿದರೇ ಹೊರತು ಪೌಲಿ ಸಭೆಗೆ ಹೋಗಲಿಲ್ಲ. ಜೂರಿಕ್‌ನಲ್ಲಿ ಅವರಿಗೆ ಒಂದು ನೃತ್ಯಕೂಟವಿತ್ತು. ಆದರೆ ಆ ಗಿರಾಕಿ ನಿಜವಾಗಿಯೂ ಇದ್ದ. 1956ರಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಒಂದು ರಿಯಾಕ್ಟರಿನ ಪಕ್ಕದಲ್ಲಿ ಅವನನ್ನು ಹಿಡಿದರು. ಇದು ನ್ಯೂಟ್ರಿನೋ ಕುಟುಂಬದ ಕಣ. ಬೀಟಾ ಕ್ಷಯದಲ್ಲಿ ಹೋಗುವುದು ಅದರ ಪ್ರತಿಕಣ. ಸಮೀಕರಣವನ್ನು ಪೂರ್ತಿ ಬರೆಯಬೇಕಾದರೆ ಕೊನೆಗೆ ಅದನ್ನೂ ಸೇರಿಸಬೇಕು:

²³⁴₉₀Th → ²³⁴₉₁Pa + ⁰₋₁e + ν̄

ಮೇಲೂ ಸೊನ್ನೆ, ಕೆಳಗೂ ಸೊನ್ನೆ ಆದ್ದರಿಂದ ಶಾಲೆಯ ಪುಸ್ತಕಗಳು ಇದನ್ನು ಸುಮ್ಮನೆ ಬಿಟ್ಟುಬಿಡುವುದುಂಟು. ಈ ಕುಟುಂಬದ ಕಣಗಳಿಗೂ ಕೋಲಾರಕ್ಕೂ ಒಂದು ನಂಟಿದೆ. 1965ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು ಕಾದ ಭಾರತ, ಜಪಾನ್, ಬ್ರಿಟನ್‌ಗಳ ವಿಜ್ಞಾನಿಗಳ ತಂಡ, ಮೇಲಿನ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ತಂಡಕ್ಕೂ ಅವು ಸಿಕ್ಕವು. ಕೋಲಾರದ ತಂಡದಲ್ಲಿ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಇದ್ದರು. ಅಷ್ಟು ಆಳವೇಕೆಂದರೆ, ಆಕಾಶದಿಂದ ಸುರಿಯುವ ಬೇರೆಲ್ಲ ಕಣಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೋವನ್ನು ತಡೆಯುವುದಿಲ್ಲ.

ಈಗ ಸ್ವೀಡನ್‌ಗೆ ಹೋಗಬಹುದು. 1938ರ ಕ್ರಿಸ್‌ಮಸ್ ರಜೆಗೆ ಮೈಟ್ನರ್ ಕುಂಗೆಲ್ವ್ ಎಂಬ ಊರಿನಲ್ಲಿದ್ದರು. ಅವರ ಸೋದರಿಯ ಮಗ ಒಟ್ಟೊ ಫ್ರಿಶ್, ತಾವೂ ಭೌತವಿಜ್ಞಾನಿ, ಅಲ್ಲಿಗೆ ಬಂದಿದ್ದರು. ಹಾನ್ ಬರೆದ ಪತ್ರ ಚಿಕ್ಕಮ್ಮನ ಕೈಯಲ್ಲಿತ್ತು. ಇಬ್ಬರೂ ಹಿಮದಲ್ಲಿ ಹೊರಟರು, ಫ್ರಿಶ್ ಹಿಮಜಾರು ಪಟ್ಟಿ ಕಟ್ಟಿಕೊಂಡು, ಚಿಕ್ಕಮ್ಮ ನಡೆದುಕೊಂಡೇ. ಬೀಜ ಎಂದರೆ ಒಂದು ನೀರಹನಿಯ ಹಾಗೆ, ನ್ಯೂಟ್ರಾನ್ ಹೊಕ್ಕರೆ ಅದು ಕುಲುಕಿ, ನಡುವೆ ಸಪೂರವಾಗಿ, ಎರಡು ಹನಿಯಾಗಿ ಒಡೆಯಬಹುದು ಎಂದು ಮಾತಾಡಿಕೊಂಡರು. ಒಂದು ಮರದ ದಿಮ್ಮಿಯ ಮೇಲೆ ಕೂತು ಚೂರು ಕಾಗದದಲ್ಲಿ ಲೆಕ್ಕ ಹಾಕಿದರು. 92ರಲ್ಲಿ 56 ಬೇರಿಯಂಗೆ ಹೋದರೆ ಉಳಿಯುವುದು 36. ಅದು ಮಸೂರಿಯಂ ಅಲ್ಲ, ಕ್ರಿಪ್ಟಾನ್. ಜೀವಕೋಶ ಎರಡಾಗುವುದಕ್ಕೆ ಜೀವಶಾಸ್ತ್ರದವರು ಬಳಸುವ ಇಂಗ್ಲಿಷ್ ಪದವನ್ನೇ ಫ್ರಿಶ್ ಇದಕ್ಕೆ ಕೊಟ್ಟರು. ಕನ್ನಡದಲ್ಲಿ ಅದು ಬೈಜಿಕ ವಿದಳನ.

ವಿದಳನಕ್ಕೆ ಒಂದೇ ದಾರಿಯಿಲ್ಲ; ತುಂಡುಗಳು ನೂರಾರು ಬಗೆಯಲ್ಲಿ ಬೀಳುತ್ತವೆ. ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಇದು:

²³⁵₉₂U + ¹₀n → ¹⁴¹₅₆Ba + ⁹²₃₆Kr + 3 ¹₀n

ಎಡಗಡೆ ಮೇಲೆ 236. ಬಲಗಡೆ 141ಕ್ಕೆ 92 ಸೇರಿ 233, ಮೂರು ನ್ಯೂಟ್ರಾನ್ ಸೇರಿ 236. ಕೆಳಗೆ 92, ಬಲಗಡೆ 56ಕ್ಕೆ 36 ಸೇರಿ 92. ಪರೀಕ್ಷೆಯಲ್ಲಿ ಎಷ್ಟು ನ್ಯೂಟ್ರಾನ್ ಎಂಬ ಜಾಗವನ್ನೇ ಖಾಲಿ ಬಿಟ್ಟು ಕೇಳುವುದುಂಟು. ಮೇಲಿನ ಸಾಲಿನಲ್ಲಿ ಎಷ್ಟು ಕಡಿಮೆ ಬಿತ್ತೋ ಅಷ್ಟು. ಎಡಗಡೆಯ ಒಂದು ನ್ಯೂಟ್ರಾನನ್ನು ಮರೆತವರಿಗೆ ಎರಡು ಎಂದು ಉತ್ತರ ಬರುತ್ತದೆ.

ಎಣಿಕೆಯೇನೋ ಕೂಡಿತು. ಆದರೆ ತಕ್ಕಡಿಗೆ ಹಾಕಿದರೆ? ಪರಮಾಣುಗಳನ್ನು ತೂಗಲು ವಿಜ್ಞಾನಿಗಳು ಬಳಸುವ ಏಕಮಾನದಲ್ಲಿ ಎಡಗಡೆಯ ತೂಕ 236.0526. ಬಲಗಡೆಯದು 235.8666. ಒಂದು ಕಣವೂ ಕಳೆದಿಲ್ಲ, ಆದರೂ 0.186 ಏಕಮಾನ ತೂಕ ಇಲ್ಲ! ಐನ್‌ಸ್ಟೈನ್ ಹೇಳಿದಂತೆ ಆ ತೂಕ ಶಕ್ತಿಯಾಗಿ ಹೊರಬಿದ್ದಿದೆ. ಒಂದು ಏಕಮಾನ ಕರಗಿದರೆ 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಆ ಲೆಕ್ಕದಲ್ಲಿ 0.186ಕ್ಕೆ ಸುಮಾರು 173. ಕಟ್ಟಿಗೆ ಅಥವಾ ಕಲ್ಲಿದ್ದಲು ಉರಿಯುವಾಗ ಒಂದು ಇಂಗಾಲದ ಪರಮಾಣುವಿನಿಂದ ಸಿಗುವುದು ನಾಲ್ಕು ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಅದರಲ್ಲಿ ಮಿಲಿಯನ್ ಇಲ್ಲ. ಮೈಟ್ನರ್ ದಿಮ್ಮಿಯ ಮೇಲೆ ಕೂತು ಹಾಕಿದ ಅಂದಾಜು 200 ಮಿಲಿಯನ್. ಪೂರ್ತಿ ಲೆಕ್ಕ ಹಾಕಿದರೆ ಸಿಗುವುದೂ ಸುಮಾರು ಅಷ್ಟೇ, ಏಕೆಂದರೆ 173 ಬರೀ ಮೊದಲ ಕಂತು.

ಉಳಿದ ಕಂತುಗಳನ್ನು ಕೊಡುವುದು ಬೀಟಾ ಕ್ಷಯ. ಯುರೇನಿಯಂನಂಥ ಭಾರದ ಬೀಜದಲ್ಲಿ ನ್ಯೂಟ್ರಾನ್‌ಗಳ ಪಾಲು ಹೆಚ್ಚು. ಅದು ಒಡೆದಾಗ ತುಂಡುಗಳಿಗೂ ಅದೇ ಪಾಲು ಬರುತ್ತದೆ, ಆದರೆ ಚಿಕ್ಕ ಬೀಜಕ್ಕೆ ಅಷ್ಟು ನ್ಯೂಟ್ರಾನ್ ದಕ್ಕುವುದಿಲ್ಲ. ಆದ್ದರಿಂದ ಅವು ಒಂದೊಂದೇ ನ್ಯೂಟ್ರಾನನ್ನು ಪ್ರೋಟಾನ್ ಮಾಡಿಕೊಳ್ಳುತ್ತ ಹೋಗುತ್ತವೆ. ಬೇರಿಯಂ-141 ಮೂರು ಬೀಟಾ ಕಳೆದು ಪ್ರೇಸಿಯೋಡಿಮಿಯಂ-141 ಆಗಿ ನಿಲ್ಲುತ್ತದೆ. ಕ್ರಿಪ್ಟಾನ್-92 ನಾಲ್ಕು ಬೀಟಾ ಕಳೆದು ಜಿರ್ಕೋನಿಯಂ-92 ಆಗುತ್ತದೆ. ಇವುಗಳ ಕೆಳಗಿನ ಅಂಕಿಗಳು 59 ಮತ್ತು 40, ಕೂಡಿದರೆ 99. ಏಳು ಎಲೆಕ್ಟ್ರಾನ್‌ಗಳ −7 ಸೇರಿಸಿದರೆ 92. ಹಾನ್ ಕಾಗದದಲ್ಲಿ ಹೆಚ್ಚಾಗಿದ್ದುದೂ ಏಳೇ! ಅಂಕಿ ಅಷ್ಟು ಕರಾರುವಾಕ್ಕಾಗಿ ಹೊಂದಿದ್ದು ಈ ಉದಾಹರಣೆಯ ಅದೃಷ್ಟ, ಆದರೆ ಹೊರಹೋದ ಎಲೆಕ್ಟ್ರಾನ್‌ಗಳನ್ನು ಜಮಾ-ಖರ್ಚಿಗೆ ತೆಗೆದುಕೊಳ್ಳದಿದ್ದರೆ ಲೆಕ್ಕ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ಇದು ಕಾಗದದ ಮೇಲಿನ ಚಮತ್ಕಾರ ಮಾತ್ರವಲ್ಲ. ರಿಯಾಕ್ಟರನ್ನು ನಿಲ್ಲಿಸಿದಾಗ ವಿದಳನ ನಿಲ್ಲುತ್ತದೆ, ತುಂಡುಗಳ ಬೀಟಾ ಕ್ಷಯವನ್ನು ನಿಲ್ಲಿಸುವ ಗುಂಡಿ ಮಾತ್ರ ಯಾರ ಬಳಿಯೂ ಇಲ್ಲ. ನಿಂತ ಗಳಿಗೆಯಲ್ಲಿ ಅದರ ಶಾಖ ಪೂರ್ಣ ಶಕ್ತಿಯ ಶೇಕಡ 6ರಿಂದ 7ರಷ್ಟಿರುತ್ತದೆ. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದ ತಕ್ಷಣ ರಿಯಾಕ್ಟರುಗಳು ಸರಿಯಾಗಿಯೇ ನಿಂತಿದ್ದವು. ಆಮೇಲೆ ಸುನಾಮಿಯ ನೀರು ನುಗ್ಗಿ ವಿದ್ಯುತ್ ಹೋಗಿ, ತಂಪು ಮಾಡುವ ಪಂಪುಗಳು ಕೆಟ್ಟಾಗ ಇಂಧನವನ್ನು ಕರಗಿಸಿದ್ದು ಈ ಉಳಿಕೆ ಶಾಖ.

ಕರ್ನಾಟಕದಲ್ಲಿ ವಿದಳನ ನಡೆಯುವುದು ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾದಲ್ಲಿ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು. ನಿಸರ್ಗದಲ್ಲಿ ಸಿಗುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ 235ರ ಪಾಲು ಶೇಕಡ 0.7 ಮಾತ್ರ, ಅದನ್ನು ಹೆಚ್ಚಿಸದೆ ಹಾಗೆಯೇ ಬಳಸಬೇಕಾದರೆ ನ್ಯೂಟ್ರಾನ್‌ಗಳನ್ನು ವ್ಯರ್ಥವಾಗಿ ನುಂಗದೆ ನಿಧಾನಗೊಳಿಸುವ ಭಾರಜಲ ಬೇಕು. ಒಡೆತದಿಂದ ಬರುವ ಎರಡು ಮೂರು ನ್ಯೂಟ್ರಾನ್‌ಗಳಲ್ಲಿ ಸರಾಸರಿ ಒಂದೇ ಒಂದು ಮುಂದಿನ ಬೀಜವನ್ನು ಒಡೆಯುವಂತೆ ನೋಡಿಕೊಂಡರೆ ಉರಿ ಸಮವಾಗಿರುತ್ತದೆ. ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಓಡುತ್ತಿರುವಾಗಲೇ ಇಂಧನದ ಕಂತೆ ಬದಲಿಸಬಹುದಾದ ವಿನ್ಯಾಸವಾದ್ದರಿಂದ ಅದು ಸಾಧ್ಯವಾಯಿತು.

ಸಮ್ಮಿಲನ ಇದರ ಉಲ್ಟಾ ದಾರಿ. ಹಗುರ ಬೀಜಗಳು ಸೇರಿ ಭಾರದ್ದೊಂದು ಆಗುತ್ತದೆ. ಭೂಮಿಯ ಮೇಲೆ ಸುಲಭವಾದದ್ದು ಎನಿಸಿಕೊಂಡದ್ದು ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳ ಕೂಡಿಕೆ; ಎರಡೂ ಹೈಡ್ರೋಜನ್ನಿನ ಅಣ್ಣಂದಿರು, ಒಂದಕ್ಕೆ ಒಂದು ನ್ಯೂಟ್ರಾನ್ ಹೆಚ್ಚು, ಇನ್ನೊಂದಕ್ಕೆ ಎರಡು.

²₁H + ³₁H → ⁴₂He + ¹₀n

ಮೇಲೆ 5ಕ್ಕೆ 5, ಕೆಳಗೆ 2ಕ್ಕೆ 2. ತೂಕ ಮಾತ್ರ 5.03015 ಇದ್ದದ್ದು 5.01127ಕ್ಕೆ ಇಳಿದಿದೆ. ಕಳೆದ 0.0189 ಏಕಮಾನಕ್ಕೆ 17.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ವಿದಳನದ 200ರ ಮುಂದೆ ಇದು ಚಿಲ್ಲರೆ ಕಾಸಿನಂತೆ ಕಾಣುತ್ತದೆ. ಸಮ್ಮಿಲನದಲ್ಲಿ ಶಕ್ತಿ ಹೆಚ್ಚು ಎಂದು ಎಲ್ಲರೂ ಹೇಳುತ್ತಾರಲ್ಲ? ಅಲ್ಲಿ 236 ಕಣಗಳ ಗುಂಪಿಗೆ 200 ಸಿಕ್ಕಿತು, ತಲೆಗೆ ಒಂದಕ್ಕೂ ಕಡಿಮೆ. ಇಲ್ಲಿ ಐದೇ ಕಣಕ್ಕೆ 17.6, ತಲೆಗೆ ಮೂರೂವರೆ. ತೂಕಕ್ಕೆ ತೂಕ ಹಿಡಿದರೆ ಸಮ್ಮಿಲನದ ಇಂಧನ ನಾಲ್ಕು ಪಟ್ಟು ಕೊಡುತ್ತದೆ. ಒಂದೊಂದು ಘಟನೆಯನ್ನೇ ಹಿಡಿದರೆ ವಿದಳನದ್ದೇ ಹತ್ತು ಪಟ್ಟಿಗೂ ಹೆಚ್ಚು. ಎರಡೂ ಮಾತು ನಿಜ, ಯಾವುದರ ಲೆಕ್ಕ ಎಂದು ಹೇಳದೆ ಹೋಲಿಸುವವರ ಮಾತನ್ನು ನಂಬಬಾರದು ಅಷ್ಟೇ.

ಒಡೆದರೂ ಶಕ್ತಿ, ಕೂಡಿದರೂ ಶಕ್ತಿ ಎಂಬುದು ಮೊದಲ ಓದಿಗೆ ಮೋಸದಂತೆ ತೋರುತ್ತದೆ. ಪ್ರತಿ ಪರಮಾಣುವಿನ ತೂಕವನ್ನು ಅದರ ಕಣಗಳ ಎಣಿಕೆಯಿಂದ ಭಾಗಿಸಿದರೆ ಮರ್ಮ ಬಯಲಾಗುತ್ತದೆ. ಹೈಡ್ರೋಜನ್‌ನಲ್ಲಿ ತಲೆಗೆ 1.0078 ಬರುತ್ತದೆ, ಹೀಲಿಯಂನಲ್ಲಿ 1.0007, ಕಬ್ಬಿಣದಲ್ಲಿ 0.9988, ಯುರೇನಿಯಂನಲ್ಲಿ ಮತ್ತೆ 1.0002. ಕಬ್ಬಿಣ ಈ ಕಣಿವೆಯ ತಳ. ಎರಡೂ ಬದಿಯ ದಿಬ್ಬದಿಂದ ತಳದ ಕಡೆಗೆ ಇಳಿದರೆ ತೂಕ ಕರಗಿ ಶಕ್ತಿ ಸಿಗುತ್ತದೆ. ಯುರೇನಿಯಂ ಬದಿಯದು ಉದ್ದನೆಯ ಸಣ್ಣ ಇಳಿಜಾರು, ಹೈಡ್ರೋಜನ್ ಬದಿಯದು ಕಡಿದಾದ ಪ್ರಪಾತ. ಕಬ್ಬಿಣವನ್ನೇ ಒಡೆಯಲು ಹೋದರೆ ಅಥವಾ ಇನ್ನಷ್ಟು ಕೂಡಿಸಲು ಹೋದರೆ ಕೈಯಿಂದಲೇ ಶಕ್ತಿ ಹಾಕಬೇಕು.

ಹಾಗಾದರೆ ಕೈಗಾದಲ್ಲಿ ಇನ್ನೂ ಯುರೇನಿಯಮ್ಮನ್ನೇ ಏಕೆ ಒಡೆಯುತ್ತಾರೆ? ವಿದಳನವನ್ನು ಶುರುಮಾಡುವುದು ನ್ಯೂಟ್ರಾನ್, ಅದರ ಕೆಳಗಿನ ಅಂಕಿ ಸೊನ್ನೆ. ವಿದ್ಯುದಂಶವಿಲ್ಲದ್ದರಿಂದ ಅದನ್ನು ಬೀಜ ತಳ್ಳುವುದಿಲ್ಲ. ನಿಧಾನವಾಗಿ ತೇಲಿ ಬಂದರೂ ಒಳಗೆ ಹೋಗುತ್ತದೆ. ಸಮ್ಮಿಲನದಲ್ಲಿ ಎರಡೂ ಬೀಜಗಳಿಗೆ +1. ಅವು ಒಂದನ್ನೊಂದು ತಳ್ಳುತ್ತವೆ, ಹತ್ತಿರ ಬಂದಷ್ಟೂ ಜೋರಾಗಿ. ಆ ತಳ್ಳಾಟ ಮೀರಿ ಅಂಟಿಕೊಳ್ಳಬೇಕಾದರೆ ಭಯಂಕರ ವೇಗ ಬೇಕು, ಅಂದರೆ ಭಯಂಕರ ಬಿಸಿ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ, ಭಾರತವೂ ಪಾಲುದಾರನಾಗಿರುವ ಐಟರ್ ಯಂತ್ರದ ಗುರಿ 15 ಕೋಟಿ ಡಿಗ್ರಿ. ಸೂರ್ಯನ ನಡುವಿನ ಬಿಸಿಯೇ 1.5 ಕೋಟಿ ಡಿಗ್ರಿ! ಸೂರ್ಯ ಅಷ್ಟರಲ್ಲೇ ನಿಭಾಯಿಸುವುದು ತನ್ನ ಗಾತ್ರದಿಂದ ಮತ್ತು ಅವಸರವಿಲ್ಲದ್ದರಿಂದ. ಕ್ಷಣಕ್ಕೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಅಲ್ಲಿ ಹೀಲಿಯಂ ಆಗುತ್ತದೆ, ಅದರಲ್ಲಿ 40 ಲಕ್ಷ ಟನ್ನಿನಷ್ಟು ತೂಕ ಕರಗಿ ಬೆಳಕಾಗಿ ಹೊರಡುತ್ತದೆ.

ಪ್ರಯೋಗಾಲಯದಲ್ಲೂ ಸಮ್ಮಿಲನ ಆಗಿದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಮೆಣಸಿನಕಾಳಿನಷ್ಟು ಇಂಧನದ ಗುಂಡಿಗಾಗಿ 2.05 ಮೆಗಾಜೂಲ್ ಲೇಸರ್ ಬೆಳಕು ಹರಿಸಿ 3.15 ಮೆಗಾಜೂಲ್ ಪಡೆದರು. ಹಾಕಿದ್ದಕ್ಕಿಂತ ಹೆಚ್ಚು ಬಂತು ಎಂದು ಪತ್ರಿಕೆಗಳು ಬರೆದವು. ಅಷ್ಟು ಬೆಳಕು ಹುಟ್ಟಿಸಲು ಲೇಸರ್‌ಗಳು ವಿದ್ಯುತ್ ಜಾಲದಿಂದ ಸುಮಾರು 300 ಮೆಗಾಜೂಲ್ ಎಳೆದಿದ್ದವು ಎಂಬುದು ಅಷ್ಟೇ ದಪ್ಪ ಅಕ್ಷರದಲ್ಲಿ ಬರಲಿಲ್ಲ.

ಇಂಧನದ್ದೇ ಇನ್ನೊಂದು ತೊಡಕು. ಡ್ಯೂಟೀರಿಯಂ ಸಮುದ್ರದ ನೀರಿನಲ್ಲಿ ಧಾರಾಳವಾಗಿದೆ. ಟ್ರಿಟಿಯಂ ಹಾಗಲ್ಲ, ಅದರ ಅರ್ಧಾಯು 12.3 ವರ್ಷ, ಕೂಡಿಟ್ಟರೂ ಕರಗುತ್ತದೆ. ಹೊರಬರುವ ನ್ಯೂಟ್ರಾನನ್ನೇ ಲಿಥಿಯಂಗೆ ಬಡಿಸಿ ಅದನ್ನು ಯಂತ್ರದ ಗೋಡೆಯಲ್ಲೇ ಬೆಳೆಸಿಕೊಳ್ಳಬೇಕೆಂಬುದು ಯೋಜನೆ:

⁶₃Li + ¹₀n → ⁴₂He + ³₁H

ಸಾಲುಗಳು ಚೆನ್ನಾಗಿಯೇ ಕೂಡುತ್ತವೆ, 7ಕ್ಕೆ 7, 3ಕ್ಕೆ 3. ಆದರೆ ಪ್ರತಿ ನ್ಯೂಟ್ರಾನೂ ಲಿಥಿಯಂಗೇ ತಾಗಬೇಕಲ್ಲ. ಕೆಲವು ಉಕ್ಕಿನ ಗೋಡೆಯಲ್ಲಿ ಸೇರಿಕೊಂಡು ಅದನ್ನೂ ವಿಕಿರಣಕಾರಿ ಮಾಡುತ್ತವೆ. ಸಮ್ಮಿಲನದಲ್ಲಿ ಕಸವೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಬೇರಿಯಂ, ಕ್ರಿಪ್ಟಾನ್‌ಗಳಂಥ ತುಂಡುಗಳು ಇರುವುದಿಲ್ಲ, ಗೋಡೆಯ ಕಸ ಇರುತ್ತದೆ.

ಸಮ್ಮಿಲನದವರಿಗೆ ಇಷ್ಟು ದುಬಾರಿಯಾದ ಟ್ರಿಟಿಯಂ ಕೈಗಾದಂಥ ಭಾರಜಲದ ಸ್ಥಾವರಗಳಲ್ಲಿ ಬೇಡದ ವಸ್ತುವಾಗಿ ತಾನಾಗಿಯೇ ಹುಟ್ಟುತ್ತದೆ. ಭಾರಜಲದ ಡ್ಯೂಟೀರಿಯಂ ಆಗೊಂದು ಈಗೊಂದು ನ್ಯೂಟ್ರಾನನ್ನು ನುಂಗಿ ಟ್ರಿಟಿಯಂ ಆಗುತ್ತದೆ. ಅದರ ಬೀಟಾ ಎಷ್ಟು ದುರ್ಬಲವೆಂದರೆ ಚರ್ಮವನ್ನು ದಾಟದು. ನೀರಿನ ರೂಪದಲ್ಲಿ ಮೈಯೊಳಗೆ ಸೇರಿದರೆ ಮಾತ್ರ ತೊಂದರೆ. ಹಾಗಾಗಿ ಅಲ್ಲಿನ ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. 2009ರ ನವೆಂಬರ್‌ನಲ್ಲಿ ಕೈಗಾದ ಐವತ್ತಕ್ಕೂ ಹೆಚ್ಚು ಮಂದಿಯ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಹುಡುಕುತ್ತ ಹೋದಾಗ ಅದು ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್ ಒಂದರಲ್ಲಿ. ಯಾರೋ ಬೇಕೆಂದೇ ಅದರೊಳಗೆ ಭಾರಜಲ ಬೆರೆಸಿದ್ದರು. ನೀರು ಮೈಯಿಂದ ಹೇಗೆ ಹೋಗುತ್ತದೋ ಟ್ರಿಟಿಯಂ ಕೂಡ ಹಾಗೆಯೇ ಹೋಗುವುದರಿಂದ, ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚುವ ಮದ್ದು ಕೊಟ್ಟು ಅದನ್ನು ತೊಳೆಯುವುದು ಇದಕ್ಕಿರುವ ಚಿಕಿತ್ಸೆ. ತೊಳೆದುಹೋದದ್ದು ಎಲ್ಲಿಯೇ ಸೇರಿರಲಿ, ಆ ಕೂಲರ್‌ನಲ್ಲಿದ್ದ ಟ್ರಿಟಿಯಂನ ಅರ್ಧದಷ್ಟು 2022ರ ಮೊದಲ ತಿಂಗಳುಗಳ ಹೊತ್ತಿಗೆ ಹೀಲಿಯಂ ಆಗಿ ಮುಗಿದಿತ್ತು:

³₁H → ³₂He + ⁰₋₁e + ν̄